ಮೂರು ದರಪಟ್ಟಿ ಏಕಿಲ್ಲ?

ಸರ್ಕಾರಿ ಖರೀದಿಯ ಕಡತ ತೆರೆದರೆ ಸಾಮಾನ್ಯವಾಗಿ ಮೂರು ದರಪಟ್ಟಿ, ಅವನ್ನು ಹೋಲಿಸಿದ ಒಂದು ಕೋಷ್ಟಕ ಕಾಣುತ್ತವೆ. ಮೊತ್ತ ದೊಡ್ಡದಾದರೆ ಟೆಂಡರ್ ಕಾಗದಗಳು. ವಿಶ್ವವಿದ್ಯಾಲಯದ ಪ್ರಯೋಗಾಲಯಗಳಿಂದ ಬರುವ ಕಡತಗಳಲ್ಲಿ ಮಾತ್ರ ಕೆಲವೊಮ್ಮೆ ಇದಾವುದೂ ಇರುವುದಿಲ್ಲ. ಒಂದೇ ಕಂಪನಿಯ ಒಂದೇ ದರಪಟ್ಟಿ, ಅದರ ಮೇಲೆ ಪ್ರಾಧ್ಯಾಪಕರು ಬರೆದ ಒಂದೆರಡು ಪುಟದ ಸಮರ್ಥನೆ. ಕೋಟಿ ಲೆಕ್ಕದ ಹಣ ಆ ಒಂದೆರಡು ಪುಟದ ಮಾತಿನ ಮೇಲೆ ನಿಂತಿರುತ್ತದೆ.

ಅಂಥ ಟಿಪ್ಪಣಿಗಳಲ್ಲಿ ಪದೇ ಪದೇ ಬರುವ ವಾಕ್ಯ ಇದು: ‘ಸದರಿ ಉಪಕರಣವು ಅತ್ಯುನ್ನತ ಗುಣಮಟ್ಟದ್ದಾಗಿದ್ದು ಜಗತ್ತಿನ ಪ್ರಮುಖ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿರುವುದರಿಂದ ಇದೇ ಸಂಸ್ಥೆಯಿಂದ ಖರೀದಿಸಲು ಅನುಮತಿ ಕೋರಿದೆ.’ ಹಣಕಾಸು ಅಧಿಕಾರಿ ಈ ಕಡತವನ್ನು ವಾಪಸ್ ಕಳಿಸುತ್ತಾರೆ, ಪ್ರಾಧ್ಯಾಪಕರು ಗುಮಾಸ್ತಗಿರಿಯನ್ನು ಶಪಿಸುತ್ತಾರೆ. ಇಲ್ಲಿ ನನ್ನ ಮತ ಹಣಕಾಸು ಅಧಿಕಾರಿಗೇ. ಸಾಮಾನು ಚೆನ್ನಾಗಿದೆ ಎಂಬುದು ಟೆಂಡರಿನಲ್ಲಿ ಗೆಲ್ಲಲು ಕಾರಣವಾದೀತು, ಟೆಂಡರನ್ನೇ ಕರೆಯದಿರಲು ಅಲ್ಲ.

ಕಾನೂನು ಕೇಳುವ ಪ್ರಶ್ನೆ ಬೇರೆಯೇ ಇದೆ. ಕೇಂದ್ರ ಸರ್ಕಾರದ ಸಂಸ್ಥೆಗಳಿಗೆ 2017ರ ಸಾಮಾನ್ಯ ಹಣಕಾಸು ನಿಯಮಗಳು ಅನ್ವಯಿಸುತ್ತವೆ. ಅದರ 166ನೇ ನಿಯಮ ಏಕಮೂಲ ಖರೀದಿಗೆ ಮೂರೇ ಬಾಗಿಲು ಇಟ್ಟಿದೆ: ಆ ವಸ್ತುವನ್ನು ತಯಾರಿಸುವವರು ಒಬ್ಬರೇ ಆಗಿರಬೇಕು, ಇಲ್ಲವೇ ತುರ್ತು ಸಂದರ್ಭ ಇರಬೇಕು, ಇಲ್ಲವೇ ಈಗಾಗಲೇ ಇರುವ ಯಂತ್ರಕ್ಕೆ ಹೊಂದುವ ಭಾಗ ಬೇಕಾಗಿರಬೇಕು. ಮೊದಲನೆಯದಕ್ಕೂ ಮೂರನೆಯದಕ್ಕೂ ಪಿಎಸಿ ಎಂದು ಕಚೇರಿಗಳಲ್ಲಿ ಕರೆಯುವ ಪ್ರಮಾಣಪತ್ರ ಕಡ್ಡಾಯ. ಬೇರೆ ತಯಾರಿಕೆ ಅಥವಾ ಮಾದರಿ ಏಕೆ ಆಗದು ಎಂಬ ಕಾರಣವನ್ನು ಅದರಲ್ಲಿ ಬರೆದು, ಹಣಕಾಸು ವಿಭಾಗದ ಸಮ್ಮತಿ ನಮೂದಿಸಿ, ಖರೀದಿ ಅಧಿಕಾರಿ ಸಹಿ ಹಾಕಬೇಕು.

ಕರ್ನಾಟಕದ ವಿಶ್ವವಿದ್ಯಾಲಯಗಳಿಗೆ 1999ರ ಕೆಟಿಪಿಪಿ ಕಾಯ್ದೆ ಇದೆ. ಪತ್ರಿಕೆ ಓದುವವರಿಗೆ ‘4ಜಿ ವಿನಾಯಿತಿ’ ಎಂಬ ಮಾತು ಗೊತ್ತು. ಅದು ಸರ್ಕಾರ ಅಧಿಸೂಚನೆ ಹೊರಡಿಸಿ ಕೊಡುವ ವಿನಾಯಿತಿ. ಒಬ್ಬರಲ್ಲಿ ಮಾತ್ರ ಸಿಗುವ ಸಾಮಾನಿಗೆ ಇರುವುದು ಅದೇ 4ನೇ ಪ್ರಕರಣದ ‘ಬಿ’ ಖಂಡ. ಅದರಲ್ಲಿ ಒಂದು ಒಳ್ಳೆಯ ತಡೆ ಇದೆ. ‘ಇದು ಒಬ್ಬರಲ್ಲೇ ಸಿಗುವುದು’ ಎಂದು ಕೊಳ್ಳುವವರೇ ಹೇಳಿದರೆ ಸಾಲದು. ಕೊಳ್ಳುವ ಸಂಸ್ಥೆಯ ಒಬ್ಬ ತಾಂತ್ರಿಕ ಪ್ರತಿನಿಧಿ, ಅಂಥದೇ ಖರೀದಿ ಮಾಡುವ ಇನ್ನೊಂದು ಸರ್ಕಾರಿ ಸಂಸ್ಥೆಯ ಒಬ್ಬರು, ಹೆಸರಾಂತ ಶೈಕ್ಷಣಿಕ ಅಥವಾ ಸಂಶೋಧನಾ ಸಂಸ್ಥೆಯ ಒಬ್ಬರು, ಹೀಗೆ ಮೂವರ ಸಮಿತಿಗೆ ಅದು ಮನದಟ್ಟಾಗಬೇಕು. ಟಿಪ್ಪಣಿ ಬರೆಯುವುದು ಈ ಮೂವರಿಗಾಗಿ.

ನಿಯಮ ಇಷ್ಟು ಬಿಗಿಯಾಗಿರಲು ಸಂವಿಧಾನದ 14ನೇ ವಿಧಿಯೇ ಕಾರಣ. ಮೀರತ್ ನಗರ ನಿಗಮದ ಕಸಾಯಿಖಾನೆಯ ಗುತ್ತಿಗೆ ವಿವಾದದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ ಇದನ್ನು ಸ್ಪಷ್ಟಪಡಿಸಿತು. ಟೆಂಡರ್ ಅಥವಾ ಹರಾಜೇ ನಿಯಮ, ಅದನ್ನು ಬಿಡುವುದು ಅಪರೂಪದ ಅಪವಾದ ಎಂದಿತು. ಒಬ್ಬನಿಗೇ ಹಕ್ಕಿದ್ದು ಬೇರೆ ಸಮಂಜಸ ಪರ್ಯಾಯ ಇಲ್ಲದಿರುವುದೂ ಅಂಥ ಅಪವಾದಗಳಲ್ಲಿ ಒಂದು. ಕೇಂದ್ರ ಜಾಗೃತ ಆಯೋಗ 2007ರಲ್ಲಿ ಈ ತೀರ್ಪನ್ನು ಎಲ್ಲ ಇಲಾಖೆಗಳ ಗಮನಕ್ಕೆ ತಂದಿತು. ಮಾಂಸದ ವ್ಯಾಪಾರದ ತೀರ್ಪು ರಸಾಯನಶಾಸ್ತ್ರ ವಿಭಾಗದ ಕಡತಕ್ಕೆ ಬಂದು ಕೂತದ್ದು ಹೀಗೆ.

ಇನ್ನು ಒಂದು ಕಡತವನ್ನೇ ಕಟ್ಟಿ ನೋಡೋಣ. ಬೆಂಗಳೂರಿನಿಂದ ದೂರದ ಒಂದು ವಿಶ್ವವಿದ್ಯಾಲಯ. ಅಲ್ಲಿ 600 ಮೆಗಾಹರ್ಟ್ಸ್‌ನ ಎನ್‌ಎಂಆರ್ ಯಂತ್ರ ಇದೆ ಎಂದಿಟ್ಟುಕೊಳ್ಳಿ. ಅಣುಗಳ ರಚನೆ ತಿಳಿಯಲು ಬಳಸುವ ಈ ಯಂತ್ರದಲ್ಲಿ ಬಲವಾದ ಅಯಸ್ಕಾಂತದ ನಡುವೆ ಪ್ರೋಬ್ ಎಂಬ ಕೊಳವೆಯಂಥ ಭಾಗ ಇರುತ್ತದೆ. ಸುಮಾರು ಅರ್ಧ ಮಿಲಿಲೀಟರ್ ದ್ರಾವಣ ತುಂಬಿದ 5 ಮಿಲಿಮೀಟರ್ ಗಾಜಿನ ನಳಿಕೆಯನ್ನು ಅದರೊಳಗೆ ಇಳಿಸುತ್ತಾರೆ. ಮಾದರಿಯಿಂದ ಹೊರಡುವ ಕ್ಷೀಣ ರೇಡಿಯೊ ಸಂಕೇತವನ್ನು ಹಿಡಿಯುವುದು ಪ್ರೋಬಿನ ಸುರುಳಿ. ಆ ಸುರುಳಿಯ ಬಿಸಿಯೇ ಗದ್ದಲ ಎಬ್ಬಿಸುತ್ತದೆ. ಸುರುಳಿಯನ್ನು ಹೀಲಿಯಂ ಅನಿಲದಿಂದ ಶೂನ್ಯಕ್ಕಿಂತ 250 ಡಿಗ್ರಿ ಸೆಲ್ಸಿಯಸ್ ಆಸುಪಾಸು ಕೆಳಕ್ಕೆ ತಣಿಸಿದರೆ ಗದ್ದಲ ತಗ್ಗಿ ಸಂಕೇತ ಸ್ಪಷ್ಟವಾಗುತ್ತದೆ. ಇದೇ ಕ್ರಯೋಪ್ರೋಬ್. ವಿಶ್ವವಿದ್ಯಾಲಯಕ್ಕೆ ಬೇಕಾಗಿರುವುದು ಇದು.

ಒಳ್ಳೆಯ ಟಿಪ್ಪಣಿ ಕಂಪನಿಯ ಹೆಸರಿನಿಂದ ಶುರುವಾಗುವುದಿಲ್ಲ, ಮಾದರಿಯಿಂದ ಶುರುವಾಗುತ್ತದೆ: ‘ನಾವು ಅಧ್ಯಯನ ಮಾಡುವ ಪ್ರೋಟೀನು ಕೋಣೆಯ ಉಷ್ಣತೆಯಲ್ಲಿ ಸುಮಾರು 12 ಗಂಟೆ ಕೆಡದೆ ಉಳಿಯುತ್ತದೆ. ಈಗಿನ ಪ್ರೋಬಿನಲ್ಲಿ ಒಂದು ಅಳತೆಗೆ 64 ಗಂಟೆ ಬೇಕು.’ ಇಷ್ಟು ಬರೆದರೆ ಉಳಿದದ್ದನ್ನು ಲೆಕ್ಕವೇ ಹೇಳುತ್ತದೆ. ಎನ್‌ಎಂಆರ್‌ನಲ್ಲಿ ಸೂಕ್ಷ್ಮತೆ ನಾಲ್ಕು ಪಟ್ಟು ಹೆಚ್ಚಿದರೆ ಸಮಯ ಹದಿನಾರನೇ ಒಂದು ಭಾಗಕ್ಕೆ ಇಳಿಯುತ್ತದೆ, ಅಂದರೆ 64 ಗಂಟೆಯ ಕೆಲಸ ನಾಲ್ಕು ಗಂಟೆಗೆ. ಮಾದರಿಯಲ್ಲಿ ಉಪ್ಪು ಹೆಚ್ಚಿದ್ದರೆ ಈ ಲಾಭ ಕುಗ್ಗುತ್ತದೆ. ಪ್ರಾಮಾಣಿಕ ಟಿಪ್ಪಣಿ ಅದನ್ನೂ ಬರೆಯುತ್ತದೆ: ‘ನಮ್ಮ ದ್ರಾವಣದಲ್ಲಿ ಮೂರು ಪಟ್ಟು ಲಾಭ ನಿರೀಕ್ಷಿಸಬಹುದು, ಅಳತೆಗೆ ಸುಮಾರು ಏಳು ಗಂಟೆ.’ 12 ಗಂಟೆಯೊಳಗೆ ಕೆಲಸ ಮುಗಿಯಿತು.

ಸಮಿತಿಯಲ್ಲಿ ಕೂತ ಜಾಣರು ಇಲ್ಲಿ ಕೇಳಬೇಕಾದ ಪ್ರಶ್ನೆಯೊಂದಿದೆ. ದ್ರವ ಸಾರಜನಕದಿಂದ ತಣಿಸುವ ಅಗ್ಗದ ಪ್ರೋಬ್ ಸಾಲದೇ? ಅದರ ಲಾಭ ಎರಡರಿಂದ ಮೂರು ಪಟ್ಟು. ಉಪ್ಪಿನ ದ್ರಾವಣದಲ್ಲಿ ಎರಡು ಪಟ್ಟೆಂದು ಹಿಡಿದರೂ 16 ಗಂಟೆ ಬೇಕು, ಅಷ್ಟರಲ್ಲಿ ಪ್ರೋಟೀನು ಕೆಟ್ಟಿರುತ್ತದೆ. ಅದೇ ಪ್ರೋಟೀನು ಎರಡು ದಿನ ಉಳಿಯುವಂತಿದ್ದರೆ ಅಗ್ಗದ ಪ್ರೋಬೇ ಸಾಕಿತ್ತು, ಈ ಕಡತ ಅಲ್ಲಿಗೇ ಬಿದ್ದುಹೋಗುತ್ತಿತ್ತು. ಇನ್ನೊಂದು ಪ್ರಶ್ನೆ: ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್‌ಎಂಆರ್ ಕೇಂದ್ರಕ್ಕೆ ಮಾದರಿ ಕಳಿಸಬಾರದೇ? ಪ್ರಯಾಣಕ್ಕೇ ಒಂದು ರಾತ್ರಿ ಹೋಗುತ್ತದೆ, ಹೆಪ್ಪುಗಟ್ಟಿಸಿ ಕಳಿಸಿದರೆ ಪ್ರೋಟೀನು ಮುದ್ದೆಯಾಗುತ್ತದೆ ಎಂಬುದು ಉತ್ತರವಾದರೆ, ಹಾಗೆ ಮುದ್ದೆಯಾದ ಪರೀಕ್ಷೆಯ ದಾಖಲೆ ಟಿಪ್ಪಣಿಯ ಜೊತೆ ಇರಬೇಕು.

ಇಷ್ಟರಿಂದ ಕ್ರಯೋಪ್ರೋಬ್ ಬೇಕೆಂದು ಸಿದ್ಧವಾಯಿತೇ ಹೊರತು ಒಬ್ಬರಿಂದಲೇ ಬೇಕೆಂದಲ್ಲ. ಅದಕ್ಕೆ ಎರಡನೇ ಹೆಜ್ಜೆ: ಪ್ರೋಬು ಈಗಿರುವ ಅಯಸ್ಕಾಂತದ ರಂಧ್ರಕ್ಕೆ ಕೂರಬೇಕು, ಈಗಿನ ಕನ್ಸೋಲಿನ ಜೊತೆ ಮಾತಾಡಬೇಕು, ಅದನ್ನು ತಣಿಸುವ ಘಟಕಕ್ಕೆ ಅದೇ ತಂತ್ರಾಂಶ ಆಜ್ಞೆ ಕೊಡಬೇಕು. ಇವೆಲ್ಲ ಮೂಲ ತಯಾರಕರದೇ ವಿನ್ಯಾಸ. ಆದರೆ ‘ಜಗತ್ತಿನಲ್ಲಿ ಬೇರೆ ಯಾರೂ ಪ್ರೋಬ್ ಮಾಡುವುದಿಲ್ಲ’ ಎಂದು ಬರೆಯಹೋದರೆ ಕೆಟ್ಟಿತು. ತಣಿಸದ ಸಾಮಾನ್ಯ ಪ್ರೋಬುಗಳನ್ನು ಬೇರೆ ಕಂಪನಿಗಳೂ ಮಾಡುತ್ತವೆ. ಹಾಗಾಗಿ ಅಂಥ ತಯಾರಕರಿಗೆ ಮೊದಲೇ ಪತ್ರ ಬರೆದು, ‘ಈ ಕನ್ಸೋಲಿಗೆ ಹೊಂದುವ ತಣಿಸಿದ ಪ್ರೋಬ್ ಕೊಡಬಲ್ಲಿರಾ, ಇಡೀ ವ್ಯವಸ್ಥೆಯ ಕಾರ್ಯಕ್ಷಮತೆಗೆ ಹೊಣೆ ಹೊರುವಿರಾ’ ಎಂದು ಕೇಳಿ, ಬಂದ ಉತ್ತರಗಳನ್ನು ಲಗತ್ತಿಸುವುದು ಲೇಸು. ಕೆಲವು ಸಂಸ್ಥೆಗಳು ಒಂದು ಹೆಜ್ಜೆ ಮುಂದೆ ಹೋಗಿ, ‘ನಾವು ಇಂಥವರಿಂದಲೇ ಕೊಳ್ಳಲಿದ್ದೇವೆ, ಬೇರೆಯವರಿಗೆ ಸಾಧ್ಯವಿದ್ದರೆ ತಿಳಿಸಿ’ ಎಂದು ಪ್ರಕಟಣೆ ಹೊರಡಿಸಿ ಆಕ್ಷೇಪಣೆಗೆ ಕಾಲಾವಕಾಶ ಕೊಡುತ್ತವೆ. ಯಾರೂ ಬರದಿದ್ದರೆ ಆ ಮೌನವೂ ದಾಖಲೆಯೇ.

ಟಿಪ್ಪಣಿಗಳು ಎಡವುವ ಜಾಗ ಆಡಿಟ್‌ನವರಿಗೆ ಬಾಯಿಪಾಠ. ಎಲ್ಲಕ್ಕಿಂತ ಸಾಮಾನ್ಯವಾದದ್ದು ಮಾರಾಟಗಾರರ ಪತ್ರ. ‘ಭಾರತದಲ್ಲಿ ನಾವೊಬ್ಬರೇ ಅಧಿಕೃತ ವಿತರಕರು’ ಎಂದು ಅದರಲ್ಲಿರುತ್ತದೆ. ಆ ಕಂಪನಿಯ ಮಾಲು ಇವರಲ್ಲಿ ಮಾತ್ರ ಸಿಗುತ್ತದೆ ಎಂದಷ್ಟೇ ಅದರ ಅರ್ಥ. ಅಂಥದೇ ಮಾಲನ್ನು ಬೇರೆ ಕಂಪನಿ ಮಾಡುವುದಿಲ್ಲ ಎಂದಲ್ಲ. ಆದರೂ ಎಷ್ಟೋ ಕಡತಗಳು ಈ ಒಂದೇ ಪತ್ರದ ಮೇಲೆ ದಾಟಲು ನೋಡುತ್ತವೆ. ಎರಡನೆಯದು ಕಂಪನಿಯ ಕೈಪಿಡಿಯಿಂದ ಎತ್ತಿಳಿಸಿದ ತಾಂತ್ರಿಕ ವಿವರಣೆ. ಯಂತ್ರದ ತೂಕ, ಹೊರಕವಚದ ಅಳತೆ, ಕಂಪನಿಯೇ ಇಟ್ಟುಕೊಂಡ ತಂತ್ರಾಂಶದ ಹೆಸರು ಇವೆಲ್ಲ ‘ಅಗತ್ಯ’ಗಳ ಪಟ್ಟಿಯಲ್ಲಿ ಕಂಡರೆ ಮೊದಲು ಯಂತ್ರ ಆರಿಸಿ ಆಮೇಲೆ ಅಗತ್ಯ ಹುಡುಕಿದ್ದಾರೆ ಎಂದು ಗೊತ್ತಾಗುತ್ತದೆ. ದರಪಟ್ಟಿಯ ದಿನಾಂಕ ಬೇಡಿಕೆಪತ್ರಕ್ಕಿಂತ ತಿಂಗಳುಗಟ್ಟಲೆ ಹಿಂದಿನದಾಗಿದ್ದರೂ ಅದೇ ಗುಮಾನಿ. ಇನ್ನು ‘ಮಾರ್ಚ್ 31ಕ್ಕೆ ಅನುದಾನ ವಾಪಸ್ ಹೋಗುತ್ತದೆ’ ಎಂಬ ತುರ್ತು! ಅದು ಯೋಜನೆ ಮಾಡದವರ ತುರ್ತು, ನಿಯಮ ಒಪ್ಪುವ ತುರ್ತಲ್ಲ.

ಮೂಲ ಒಂದೇ ಎಂದು ಸಾಬೀತಾದರೂ ಬೆಲೆಯ ಪ್ರಶ್ನೆ ಉಳಿಯುತ್ತದೆ. ಪೈಪೋಟಿ ಇಲ್ಲದ ಕಡೆ ಬೆಲೆ ಸರಿಯಾಗಿದೆ ಎಂದು ಹೇಗೆ ನಂಬುವುದು? ಇತ್ತೀಚೆಗೆ ಅದೇ ಪ್ರೋಬ್ ಕೊಂಡ ಬೇರೆ ಸಂಸ್ಥೆಗಳ ಖರೀದಿ ಆದೇಶಗಳನ್ನು ತರಿಸಿಕೊಳ್ಳಬೇಕು. ಹೋಲಿಸುವಾಗ ಎರಡು ಎಚ್ಚರ ಬೇಕು. ದರ ಯೂರೋದಲ್ಲಿದ್ದರೆ ಯೂರೋದಲ್ಲೇ ಹೋಲಿಸಬೇಕು. ರೂಪಾಯಿಯಲ್ಲಿ ಹೋಲಿಸಿದರೆ ವಿನಿಮಯ ದರದ ಏರಿಳಿತ ಕಂಪನಿಯ ಏರಿಕೆಯನ್ನು ಮುಚ್ಚಿಬಿಡುತ್ತದೆ. ಹಾಗೆಯೇ ಒಬ್ಬರ ಆದೇಶದಲ್ಲಿ ಹೀಲಿಯಂ ಕಂಪ್ರೆಸರ್ ಮತ್ತು ಮೂರು ವರ್ಷದ ವಾರಂಟಿ ಸೇರಿರಬಹುದು, ಇನ್ನೊಬ್ಬರದರಲ್ಲಿ ಬರೀ ಪ್ರೋಬ್ ಇರಬಹುದು. ‘ಇದೇ ಅವಧಿಯಲ್ಲಿ ಬೇರಾರಿಗೂ ಇದಕ್ಕಿಂತ ಕಡಿಮೆಗೆ ಮಾರಿಲ್ಲ’ ಎಂಬ ಮುಚ್ಚಳಿಕೆಯನ್ನು ಕಂಪನಿಯಿಂದ ಬರೆಸಿಕೊಳ್ಳುವುದೂ ರೂಢಿ. ಟೆಂಡರಿನ ನಂತರ ಚೌಕಾಸಿ ಮಾಡುವುದಕ್ಕೆ ಜಾಗೃತ ಆಯೋಗದ ವಿರೋಧವಿದೆ. ಆದರೆ ಒಬ್ಬನ ಸ್ವಾಮ್ಯದ ವಸ್ತುವಿಗೆ ಅದು 2007ರ ಸುತ್ತೋಲೆಯಲ್ಲೇ ವಿನಾಯಿತಿ ಕೊಟ್ಟಿದೆ. ಎಷ್ಟೋ ಪ್ರಾಧ್ಯಾಪಕರು ಬೆಲೆಯ ಮಾತೆತ್ತಲು ಸಂಕೋಚಪಡುತ್ತಾರೆ. ಆ ಸಂಕೋಚಕ್ಕೆ ನಿಯಮದ ಬೆಂಬಲವಿಲ್ಲ.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ನನಗೊಂದು ತಕರಾರು ಉಳಿಯುತ್ತದೆ. ಅಗ್ಗದ ಪ್ರಿಂಟರ್ ಕೊಂಡವರು ಆಮೇಲೆ ಕಾರ್ಟ್ರಿಜ್‌ಗೆ ಅದೇ ಕಂಪನಿಗೆ ಸಿಕ್ಕಿಬೀಳುವಂತೆ, ಈ ವಿಶ್ವವಿದ್ಯಾಲಯವೂ ಕ್ರಯೋಪ್ರೋಬಿಗೆ ಒಬ್ಬರ ಕೈಗೆ ಸಿಕ್ಕಿದ್ದು ಇವತ್ತಲ್ಲ, ಎನ್‌ಎಂಆರ್ ಯಂತ್ರ ಕೊಂಡ ದಿನ. ಹೊಸ ಯಂತ್ರಕ್ಕೆ ಏಕಮೂಲದ ವಾದ ನಿಲ್ಲುವುದು ಕಷ್ಟ: 600 ಮೆಗಾಹರ್ಟ್ಸ್ ವರ್ಗದಲ್ಲಿ ಬ್ರೂಕರ್ ಇದೆ, ಜಪಾನಿನ ಜೆಯೋಲ್ ಇದೆ. ಹಿಂದೆ ಮೂರನೆಯವರೂ ಇದ್ದರು. ಅಮೆರಿಕದ ವೇರಿಯನ್ ಕಂಪನಿಯನ್ನು 2010ರಲ್ಲಿ ಕೊಂಡ ಏಜಿಲೆಂಟ್ 2014ರಲ್ಲಿ ಎನ್‌ಎಂಆರ್ ವ್ಯವಹಾರವನ್ನೇ ಮುಚ್ಚಿತು. ಆಯ್ಕೆ ಕಿರಿದಾಗುತ್ತ ಬಂದಿದೆ ನಿಜ, ಆದರೆ ಮೊದಲ ದಿನ ಇನ್ನೂ ಇಬ್ಬರಾದರೂ ಪೈಪೋಟಿಗೆ ಇರುತ್ತಾರೆ. ಪೈಪೋಟಿಯ ಬಲ ವಿಶ್ವವಿದ್ಯಾಲಯದ ಕೈಯಲ್ಲಿರುವುದು ಅಂದೇ.

ಹಾಗಾಗಿ ಯಂತ್ರದ ಟೆಂಡರ್ ಬರೆಯುವವರಲ್ಲಿ ಒಂದು ವಿನಂತಿ. ಮುಂದೆ ಬೇಕಾಗಬಹುದಾದ ಪ್ರೋಬು, ಕಂಪ್ರೆಸರಿನ ಬಿಡಿಭಾಗ, ವಾರಂಟಿ ಮುಗಿದ ನಂತರದ ಐದು ವರ್ಷದ ನಿರ್ವಹಣೆ, ಇವೆಲ್ಲದರ ದರವನ್ನೂ ಅದೇ ಟೆಂಡರಿನಲ್ಲಿ ಕೇಳಿ, ಒಟ್ಟು ಮೊತ್ತದ ಮೇಲೆ ಬಿಡ್‌ಗಳನ್ನು ಹೋಲಿಸಿ. ಆಗ ಕೆಲವು ವರ್ಷದ ನಂತರ ಏಕಮೂಲ ಟಿಪ್ಪಣಿ ಬರೆಯಬೇಕಾಗಿ ಬಂದರೂ, ಬೆಲೆಯ ಸಮರ್ಥನೆಗೆ ಪೈಪೋಟಿಯಲ್ಲೇ ಒಪ್ಪಿಕೊಂಡ ಒಂದು ಅಂಕಿ ಕಡತದಲ್ಲಿ ಇರುತ್ತದೆ.