ಕಾರ್ಡ್ ಕಲೆಸುವ ಮೊದಲೇ ಆಡಬೇಕಾದ ಮಾತು

ಟ್ಯಾರೋ ಕಲಿಯುವವರಿಗೆಲ್ಲ ಮೊದಲು ಸಿಗುವ ಗಿರಾಕಿಗಳು ಗೆಳೆಯರೇ. ಆಫೀಸಿನ ಊಟದ ವೇಳೆಯಲ್ಲೋ, ಪೇಯಿಂಗ್ ಗೆಸ್ಟ್ ರೂಮಿನಲ್ಲೋ ಒಬ್ಬರಿಗೆ ಮೂರು ಕಾರ್ಡ್ ತೆಗೆದು ಹೇಳಿದರೆ ಸಾಕು, ವಾರದೊಳಗೆ ‘ನಂಗೂ ನೋಡೇ’ ಎಂದು ನಾಲ್ಕು ಜನ ಬರುತ್ತಾರೆ. ಮೊದಮೊದಲು ಖುಷಿಯಾಗುತ್ತದೆ. ಆಮೇಲೆ ರಾತ್ರಿ ಹನ್ನೊಂದಕ್ಕೆ ಮೆಸೇಜು ಬರತೊಡಗುತ್ತದೆ. ಅದೇ ಪ್ರಶ್ನೆಯನ್ನು ಅದೇ ಗೆಳತಿ ಮೂರನೆಯ ಸಲ ಕೇಳುತ್ತಾಳೆ. ದುಡ್ಡು ಕೇಳೋಣವೆಂದರೆ ಬಾಯಿ ಬರುವುದಿಲ್ಲ, ಬಿಟ್ಟಿ ಮಾಡೋಣವೆಂದರೆ ಭಾನುವಾರವೆಲ್ಲ ಅದರಲ್ಲೇ ಕಳೆದುಹೋಗುತ್ತದೆ.

ಹೊಸಬರಿಗೆ ನಾನು ಮೊದಲು ಹೇಳುವುದು ಇದನ್ನೇ: ಎಷ್ಟು ದುಡ್ಡು, ಎಷ್ಟು ಹೊತ್ತು, ಯಾವ ಪ್ರಶ್ನೆ ಇಲ್ಲ ಎಂಬ ಮೂರನ್ನೂ ಕಾರ್ಡ್ ಕಲೆಸುವ ಮೊದಲೇ ಹೇಳಿಬಿಡಿ. ಕಾರ್ಡ್ ಮೇಜಿನ ಮೇಲೆ ಬಿದ್ದ ಮೇಲೆ ಎದುರಿಗೆ ಕೂತವರ ಮನಸ್ಸು ಮೊದಲಿನ ಹಾಗೆ ಇರುವುದಿಲ್ಲ. ಆಗ ಹೇಳಿದ ಯಾವ ಮೊತ್ತವೂ ಅವರ ಆತಂಕದ ಮೇಲೆ ಕಟ್ಟಿದ ಬೆಲೆಯಾಗುತ್ತದೆ.

ದಕ್ಷಿಣೆಯ ಅಭ್ಯಾಸ

ನಮ್ಮಲ್ಲಿ ಜಾತಕ ತೋರಿಸಿದವರು ಎಲೆ ಅಡಿಕೆಯ ಮೇಲೆ ದುಡ್ಡಿಟ್ಟು ಕೊಡುವ ರೂಢಿ ಇದೆ. ಎಷ್ಟೆಂದು ಜೋಯಿಸರು ಬಾಯಿಬಿಟ್ಟು ಕೇಳುವುದಿಲ್ಲ, ಕೊಡುವವರಿಗೆ ಊರಿನ ಪದ್ಧತಿ ಗೊತ್ತಿರುತ್ತದೆ. ಅದನ್ನೇ ನೋಡಿ ಬೆಳೆದ ನಾವು ಕಾರ್ಡ್ ಓದಿದ ಮೇಲೂ ‘ನಿಂಗೆ ತೋಚಿದಷ್ಟು ಕೊಡು’ ಎನ್ನುತ್ತೇವೆ. ಟ್ಯಾರೋಗೆ ಅಂಥ ಪದ್ಧತಿ ನಮ್ಮಲ್ಲಿ ಬೆಳೆದಿಲ್ಲ. ಗೆಳತಿಗೆ ಐವತ್ತು ಕೊಟ್ಟರೆ ಕಡಿಮೆಯೋ, ಐನೂರು ಕೊಟ್ಟರೆ ಹೆಚ್ಚೋ ತಿಳಿಯುವುದಿಲ್ಲ. ಒಳ್ಳೆಯ ಕಾರ್ಡ್ ಬಂದ ದಿನ ಹೆಚ್ಚು ಕೊಡುತ್ತಾಳೆ, ಕೆಟ್ಟದ್ದು ಬಂದ ದಿನ ಕಡಿಮೆ. ಹಾಗಾದರೆ ಓದುವವರಿಗೂ ತಿಳಿಯದಂತೆ ಒಳ್ಳೆಯದನ್ನೇ ಹೇಳುವ ಚಟ ಹತ್ತುತ್ತದೆ.

ಆದ್ದರಿಂದ ಕಲಿಕೆಯ ಕಾಲವನ್ನೂ ಶುಲ್ಕದ ಕಾಲವನ್ನೂ ಬೇರೆ ಮಾಡಿ. ಮೊದಲ ಇಪ್ಪತ್ತು ರೀಡಿಂಗ್ ಉಚಿತ ಎಂದು ನಿಶ್ಚಯಿಸಿಕೊಂಡು ನೋಟ್‌ಬುಕ್ಕಿನಲ್ಲಿ ಎಣಿಸುತ್ತ ಹೋಗಿ. ಗೆಳೆಯರು ದುಡ್ಡಿನ ಬದಲು ಒಂದು ಕೆಲಸ ಮಾಡಲಿ: ತಿಂಗಳ ನಂತರ, ಹೇಳಿದ್ದರಲ್ಲಿ ಯಾವುದು ಉಪಯೋಗಕ್ಕೆ ಬಂತು, ಯಾವುದು ಗೊಂದಲ ಮಾಡಿತು ಎಂದು ನಾಲ್ಕು ಸಾಲು ಬರೆದು ಕೊಡಲಿ. ಇಪ್ಪತ್ತೊಂದನೆಯದರಿಂದ ಶುಲ್ಕ. ಈ ಮಾತು ಮೊದಲ ದಿನವೇ ಎಲ್ಲರಿಗೂ ಗೊತ್ತಿದ್ದರೆ, ಮುಂದೊಂದು ದಿನ ದುಡ್ಡು ಕೇಳಿದಾಗ ಯಾರಿಗೂ ಮುಖ ಸಣ್ಣದಾಗುವುದಿಲ್ಲ.

ಶುಲ್ಕವನ್ನು ಸಮಯಕ್ಕೆ ಲೆಕ್ಕ ಹಾಕಬೇಕು, ನಿಜವಾಗುತ್ತದೆಯೋ ಇಲ್ಲವೋ ಎಂಬುದಕ್ಕಲ್ಲ. ಅರ್ಧ ಗಂಟೆಯ ರೀಡಿಂಗ್‌ಗೆ ಪ್ರಶ್ನೆ ಓದಿಕೊಂಡು ಸಿದ್ಧವಾಗಲು ಹತ್ತು ನಿಮಿಷ, ಮುಗಿದ ಮೇಲೆ ಬರೆದಿಡಲು ಹತ್ತು ನಿಮಿಷ, ಒಟ್ಟು ಐವತ್ತು ನಿಮಿಷ ಹಿಡಿಯುತ್ತದೆ. ನೀವು ಮಕ್ಕಳಿಗೆ ಪಾಠ ಹೇಳಿ ಗಂಟೆಗೆ ₹240 ಪಡೆಯುವವರು ಎಂದುಕೊಳ್ಳಿ. ಆ ಲೆಕ್ಕಕ್ಕೆ ಐವತ್ತು ನಿಮಿಷಕ್ಕೆ ₹200. ಇನ್ನೂ ಪುಸ್ತಕ ತಿರುವಿ ನೋಡುತ್ತಿದ್ದರೆ ಅದರ ಅರ್ಧ, ₹100 ಸಾಕು. ಡೆಕ್ ಕೊಂಡ ಹಣ ನಿಮ್ಮ ಕಲಿಕೆಯ ಖರ್ಚು, ಅದನ್ನು ಗೆಳೆಯರ ಮೇಲೆ ಹಾಕಬೇಡಿ. ಪುಸ್ತಕ ನೋಡದೆ, ಹೇಳಿದ ಹೊತ್ತಿಗೆ ಮುಗಿಸುವುದು ರೂಢಿಯಾದಾಗ ಪೂರ್ತಿ ₹200ಕ್ಕೆ ಏರಿಸಬಹುದು. ಅದೂ ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಎಂದು ಮೊದಲೇ ತಿಳಿಸಿ.

‘ನನ್ನ ಹತ್ರನೂ ದುಡ್ಡಾ?’ ಎಂದು ಆಪ್ತ ಗೆಳತಿ ಕೇಳಿಯೇ ಕೇಳುತ್ತಾಳೆ. ‘ಹೂಂ ಕಣೇ, ಎಲ್ಲರಿಗೂ ಒಂದೇ. ನಿಂಗೆ ಹುಟ್ಟಿದ ಹಬ್ಬಕ್ಕೆ ಒಂದು ಸಲ ಉಚಿತ’ ಎಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಒಬ್ಬೊಬ್ಬರಿಗೆ ಒಂದೊಂದು ದರ ಇಟ್ಟರೆ ಒಂದೇ ಬಳಗದಲ್ಲಿ ಅದು ಬಯಲಾಗದೆ ಇರುವುದಿಲ್ಲ.

ಅರ್ಧ ಗಂಟೆ, ಮೂರು ಕಾರ್ಡ್

ಡೆಕ್‌ನಲ್ಲಿ 78 ಕಾರ್ಡ್‌ಗಳಿವೆ. ಹೆಚ್ಚಿನವರು ಕಲಿಯುವುದು 1909ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ, ಪಮೇಲಾ ಕೋಲ್‌ಮನ್ ಸ್ಮಿತ್ ಚಿತ್ರ ಬರೆದ ಡೆಕ್‌ನಲ್ಲಿ. ಪುಸ್ತಕಗಳಲ್ಲಿ ತಪ್ಪದೆ ಕಾಣುವ ಹತ್ತು ಕಾರ್ಡ್‌ಗಳ ‘ಸೆಲ್ಟಿಕ್ ಕ್ರಾಸ್’ ವಿನ್ಯಾಸಕ್ಕೆ ಹೊಸಬರು ಆಸೆಯಿಂದ ಕೈಹಾಕುತ್ತಾರೆ. ಕಾರ್ಡಿಗೆ ಐದೇ ನಿಮಿಷವೆಂದರೂ ಐವತ್ತು ನಿಮಿಷವಾಯಿತು. ಕೊನೆಯ ಕಾರ್ಡಿಗೆ ಬರುವ ಹೊತ್ತಿಗೆ ಮೊದಲನೆಯದರ ಬಗ್ಗೆ ಏನು ಹೇಳಿದೆವೆಂಬುದು ಇಬ್ಬರಿಗೂ ನೆನಪಿರುವುದಿಲ್ಲ.

ಇನ್ನೊಂದು ಕಾರಣವಿದೆ, ಅದನ್ನು ಲೆಕ್ಕ ಹಾಕಿಯೇ ನೋಡಬಹುದು. ಜನ ನೋಡಿದ ಕೂಡಲೇ ಬೆಚ್ಚುವ ಕಾರ್ಡ್‌ಗಳೆಂದರೆ ಡೆತ್, ಟವರ್, ಡೆವಿಲ್, ಹೃದಯಕ್ಕೆ ಮೂರು ಕತ್ತಿ ಚುಚ್ಚಿರುವ ತ್ರೀ ಆಫ್ ಸ್ವೋರ್ಡ್ಸ್, ಬಿದ್ದವನ ಬೆನ್ನಿಗೆ ಹತ್ತು ಕತ್ತಿ ನಾಟಿರುವ ಟೆನ್ ಆಫ್ ಸ್ವೋರ್ಡ್ಸ್. ಈ ಐದರಲ್ಲಿ ಒಂದಾದರೂ ಬರುವ ಸಂಭವ ಮೂರು ಕಾರ್ಡ್ ತೆಗೆದಾಗ ನೂರಕ್ಕೆ ಸುಮಾರು 18. ಹತ್ತು ತೆಗೆದರೆ ನೂರಕ್ಕೆ ಸುಮಾರು 50. ಅಂದರೆ ದೊಡ್ಡ ವಿನ್ಯಾಸ ಹಾಕಿದಾಗ ಎರಡಕ್ಕೊಂದು ಸಲ ಗೆಳತಿಯ ಮುಖ ಬಾಡುತ್ತದೆ, ಅವಳನ್ನು ಸಮಾಧಾನ ಮಾಡುವುದರಲ್ಲೇ ಹೊತ್ತು ಹೋಗುತ್ತದೆ. ಇಲ್ಲಿ ಕೆಲಸ ಮಾಡಿದ್ದು ಎಣಿಕೆ, ಅವಳ ಹಣೆಬರಹವಲ್ಲ.

ಮೂರು ಕಾರ್ಡಿನ ಅರ್ಧ ಗಂಟೆಯನ್ನು ಹೀಗೆ ಹಂಚಬಹುದು. ಪ್ರಶ್ನೆಯನ್ನು ಸರಿಯಾಗಿ ಕಟ್ಟಿಕೊಳ್ಳಲು ಏಳು ನಿಮಿಷ, ಕಾರ್ಡಿಗೆ ಐದರಂತೆ ಹದಿನೈದು ನಿಮಿಷ, ಮೂರನ್ನೂ ಸೇರಿಸಿ ಹೇಳಲು ಐದು, ಕೊನೆಗೆ ಅವಳು ಏನು ತಿಳಿದುಕೊಂಡಳೆಂದು ಅವಳ ಬಾಯಿಂದಲೇ ಕೇಳಲು ಮೂರು. ಮೊಬೈಲಿನಲ್ಲಿ ಇಪ್ಪತ್ತೆರಡನೇ ನಿಮಿಷಕ್ಕೊಂದು ಅಲಾರಂ ಇಡಿ. ಅದು ಹೊಡೆದ ಮೇಲೆ ಹೊಸ ಕಾರ್ಡ್ ಇಲ್ಲ.

ಹೊತ್ತು ಮೀರುವುದು ಸಾಮಾನ್ಯವಾಗಿ ‘ಇನ್ನೊಂದು ತೆಗಿ, ಇದು ಸರಿಯಾಗಿ ಗೊತ್ತಾಗ್ಲಿಲ್ಲ’ ಎಂಬ ಮಾತಿನಿಂದ. ಒಮ್ಮೆ ತೆಗೆದರೆ ಅದನ್ನು ತಿಳಿಯಲು ಮತ್ತೊಂದು ಬೇಕಾಗುತ್ತದೆ, ಮನಸ್ಸಿಗೆ ಹಿಡಿಸುವ ಕಾರ್ಡ್ ಬರುವ ತನಕ ಅದು ನಿಲ್ಲುವುದಿಲ್ಲ. ಅಲಾರಂ ಹೊಡೆಯುವ ಮೊದಲಾದರೆ ಒಂದೇ ಒಂದು ಹೆಚ್ಚುವರಿ ಕಾರ್ಡ್ ಎಂದು ಮಿತಿ ಹಾಕಿ. ಅದೇ ಪ್ರಶ್ನೆಗೆ ಒಂದು ತಿಂಗಳು ಮತ್ತೆ ಕಾರ್ಡ್ ತೆಗೆಯುವುದಿಲ್ಲ ಎಂಬುದೂ ಇರಲಿ. ಮೂರು ದಿನಕ್ಕೇ ಅದೇ ಪ್ರಶ್ನೆ ತಂದಳೆಂದರೆ ಅವಳಿಗೆ ಬೇಕಾಗಿರುವುದು ಕಾರ್ಡಲ್ಲ. ಕಾರ್ಡನ್ನು ಬದಿಗಿಟ್ಟು ಗೆಳತಿಯಾಗಿ ಕಾಫಿಗೆ ಕರೆದುಕೊಂಡು ಹೋಗಿ. ಅದಕ್ಕೆ ಶುಲ್ಕವಿಲ್ಲ.

ತೆಗೆದುಕೊಳ್ಳಬಾರದ ಪ್ರಶ್ನೆಗಳು

ಕಾರ್ಡ್ ಮುಂದಾಗುವುದನ್ನು ತಿಳಿಸುತ್ತದೆ ಎಂಬುದಕ್ಕೆ ಪುರಾವೆಯಿಲ್ಲ. ಚಿತ್ರ ನೋಡುತ್ತ, ಹೇಳದೆ ಉಳಿದ ಮಾತನ್ನು ಹೊರಗೆ ತರುವುದಷ್ಟೇ ಅದರ ಶಕ್ತಿ. ಇದನ್ನು ಒಪ್ಪಿಕೊಂಡರೆ ಎಲ್ಲಿ ನಿಲ್ಲಬೇಕೆಂಬುದು ತಾನಾಗಿ ತಿಳಿಯುತ್ತದೆ. ಕಾಯಿಲೆ, ಔಷಧ, ಕೋರ್ಟ್ ಕೇಸು, ಷೇರು, ಸಾಲ ಇವಕ್ಕೆ ತಿಳಿದವರಿದ್ದಾರೆ, ಅಲ್ಲಿಗೆ ಕಳಿಸಿ. ಹುಟ್ಟುವ ಮಗು ಗಂಡೋ ಹೆಣ್ಣೋ ಎಂಬ ಪ್ರಶ್ನೆಯನ್ನು ತಮಾಷೆಗೂ ಮುಟ್ಟಬೇಡಿ. 1994ರ ಲಿಂಗ ಪತ್ತೆ ತಡೆ ಕಾಯ್ದೆಯಲ್ಲಿ, ವೈಜ್ಞಾನಿಕವಾಗಲಿ ಅಲ್ಲದಿರಲಿ, ಯಾವುದೇ ವಿಧಾನದಿಂದ ಅದನ್ನು ತಿಳಿಸುವುದಾಗಿ ಪ್ರಚಾರ ಮಾಡುವುದು ಅಪರಾಧ.

ಗೆಳೆಯರ ಬಳಗದಲ್ಲಿ ಹೆಚ್ಚು ತೊಡಕು ತರುವುದು ಅಲ್ಲಿಲ್ಲದ ಮೂರನೆಯವರ ಪ್ರಶ್ನೆ. ‘ಅವನು ನನ್ನ ಮದುವೆ ಆಗ್ತಾನಾ?’ ಎಂದು ಗೆಳತಿ ಕೇಳುತ್ತಾಳೆ. ಅವನೂ ನಿಮಗೆ ಗೊತ್ತಿರುವವನೇ. ಆಗುತ್ತಾನೆಂದರೂ ಇಲ್ಲವೆಂದರೂ ಅದು ಅವನ ಪರವಾಗಿ ನೀವು ಆಡಿದ ಮಾತಾಗುತ್ತದೆ. ಆ ಏಳು ನಿಮಿಷದಲ್ಲಿ ಪ್ರಶ್ನೆಯನ್ನೇ ತಿರುಗಿಸಿ: ‘ಮದುವೆ ವಿಷಯ ಅವನ ಹತ್ರ ನಾನು ಹೇಗೆ ಎತ್ತಲಿ?’

ಈಗ ಮೂರು ಕಾರ್ಡ್‌ಗಳಲ್ಲಿ ಡೆತ್ ಬಂತೆನ್ನಿ. ಕಪ್ಪು ಕವಚ ತೊಟ್ಟ ಅಸ್ಥಿಪಂಜರ ಬಿಳಿ ಕುದುರೆಯ ಮೇಲೆ ಕೂತಿದೆ. ಕೈಯಲ್ಲಿ ಬಿಳಿ ಗುಲಾಬಿಯ ಬಾವುಟ, ದೂರದಲ್ಲಿ ಎರಡು ಗೋಪುರಗಳ ನಡುವೆ ಸೂರ್ಯ. ಮೊದಲ ಪ್ರಶ್ನೆಯೇ ಉಳಿದಿದ್ದರೆ ಈ ಕಾರ್ಡ್ ‘ಸಂಬಂಧ ಮುಗೀತು’ ಎಂಬ ತೀರ್ಪಾಗುತ್ತಿತ್ತು. ತಿರುಗಿಸಿದ ಪ್ರಶ್ನೆಗೆ ಅದನ್ನು ‘ಇಷ್ಟು ದಿನ ಸುಮ್ಮನೆ ಕಾಯ್ತಿದ್ಯಲ್ಲ, ಅದನ್ನ ನಿಲ್ಲಿಸೋಕೆ ಏನು ಅಡ್ಡ ಬರ್ತಿದೆ?’ ಎಂದು ಕೇಳಬಹುದು. ಉತ್ತರ ಹೇಳುವವಳು ಅವಳು. ಅರ್ಧ ಗಂಟೆ ಮುಗಿಯುವ ಹೊತ್ತಿಗೆ ಅವಳ ಕೈಯಲ್ಲಿ ಮಾಡಬಹುದಾದ ಒಂದು ಕೆಲಸವಿರುತ್ತದೆ.

ಇಂಥ ಕಾರ್ಡ್ ಬಂದಾಗಲೇ ‘ಇದಕ್ಕೇನಾದ್ರೂ ಪರಿಹಾರ ಉಂಟಾ?’ ಎಂಬ ಪ್ರಶ್ನೆ ಬರುವುದು. ಹರಳು, ತಾಯತ, ಇನ್ನೊಂದು ವಿಶೇಷ ರೀಡಿಂಗ್ ಎಂದು ಹೆಚ್ಚುವರಿ ದುಡ್ಡು ಕೇಳುವ ಬಾಗಿಲು ತೆರೆಯುವುದೂ ಇಲ್ಲೇ. ಮೊದಲು ಹೇಳಿದ್ದಕ್ಕಿಂತ ಒಂದು ರೂಪಾಯಿಯೂ ಮೇಲೇರಬಾರದು. ಹೆದರಿಕೆ ಹೆಚ್ಚಾದಂತೆ ಏರುವ ದುಡ್ಡು ಶುಲ್ಕವಲ್ಲ, ಸುಲಿಗೆ.

ಬದುಕುವುದೇ ಬೇಡ ಎಂಬ ಮಾತು ಬಂದರೆ ಕಾರ್ಡ್ ಎತ್ತಿಡಿ, ದುಡ್ಡು ವಾಪಸ್ ಕೊಡಿ, ಅವರನ್ನು ಒಂಟಿಯಾಗಿ ಬಿಡಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಸಿಗುತ್ತದೆ, ಉಚಿತ, ಕನ್ನಡದಲ್ಲೂ ಮಾತನಾಡುತ್ತಾರೆ.

ಕಳಿಸಬೇಕಾದ ಮೆಸೇಜು

ಇಷ್ಟನ್ನೂ ಪ್ರತಿ ಸಲ ಬಾಯಲ್ಲಿ ಹೇಳುವುದು ಮುಜುಗರ. ಒಂದು ಮೆಸೇಜು ಬರೆದಿಟ್ಟುಕೊಂಡು, ‘ನಂಗೂ ನೋಡೇ’ ಎಂದವರಿಗೆಲ್ಲ ಅದನ್ನೇ ಕಳಿಸಿ:

‘ನಾನಿನ್ನೂ ಕಲೀತಾ ಇದೀನಿ. ಅರ್ಧ ಗಂಟೆ, ಒಂದು ಪ್ರಶ್ನೆ, ಮೂರು ಕಾರ್ಡ್. ₹100, ಕೂರೋ ಮೊದಲೇ ಕಳಿಸು. ಮುಂದೇನಾಗುತ್ತೆ ಅಂತ ಹೇಳಲ್ಲ, ಆರೋಗ್ಯ, ಕೋರ್ಟು, ದುಡ್ಡು ಹೂಡೋದು, ಬೇರೆಯವರ ಮನಸ್ಸು ಇವು ಬೇಡ. ಪರಿಹಾರ ಹೇಳಲ್ಲ. ಆಮೇಲೆ ಏನಾದ್ರೂ ಕೇಳೋದಿದ್ರೆ ಎರಡು ದಿನದೊಳಗೆ ಒಂದು ಮೆಸೇಜು, ರಾತ್ರಿ ಒಂಬತ್ತರ ಮೇಲೆ ಬೇಡ. ಇಲ್ಲಿ ಆಡಿದ್ದು ಬೇರೆ ಯಾರಿಗೂ ಹೋಗಲ್ಲ. ಮಧ್ಯದಲ್ಲಿ ನಾನು ನಿಲ್ಲಿಸಿದ್ರೆ ದುಡ್ಡು ವಾಪಸ್.’

ಯಾರಿಗೂ ಹೋಗಲ್ಲ ಎಂಬ ಮಾತನ್ನು ಬಳಗದೊಳಗೆ ಉಳಿಸಿಕೊಳ್ಳುವುದೇ ಕಷ್ಟ. ಗೆಳತಿ ಕಾರ್ಡಿನ ಮುಂದೆ ಹೇಳಿದ್ದನ್ನು ಮಾರನೆಯ ದಿನ ಊಟದ ಮೇಜಿನಲ್ಲಿ ಅವಳಾಗಿ ಎತ್ತದಿದ್ದರೆ ನೀವೂ ಎತ್ತಬೇಡಿ, ಅವಳೊಬ್ಬಳೇ ಇದ್ದಾಗಲೂ. ನೋಟ್‌ಬುಕ್ಕಿನಲ್ಲಿ ಹೆಸರಿನ ಬದಲು ಒಂದು ಗುರುತು ಹಾಕಿಕೊಳ್ಳಿ.

ಮೆಸೇಜು ಓದಿ ಇಬ್ಬರು ಮೂವರು ‘ಆಮೇಲೆ ನೋಡೋಣ’ ಎಂದು ಹಿಂದೆ ಸರಿಯುತ್ತಾರೆ. ಸರಿಯಲಿ. ಉಳಿದವರು ಒಂದು ಪ್ರಶ್ನೆ ಯೋಚಿಸಿಕೊಂಡು, ಹೊತ್ತಿಗೆ ಸರಿಯಾಗಿ ಬರುತ್ತಾರೆ. ಇಂದೇ ನಿಮ್ಮ ಮಾತಿನಲ್ಲಿ ಆ ಮೆಸೇಜು ಬರೆದಿಡಿ, ಮುಂದಿನ ರೀಡಿಂಗ್ ಅದನ್ನು ಕಳಿಸಿದ ಮೇಲೆಯೇ ಆಗಲಿ.