ಹದಿನಾಲ್ಕು ಸೆಕೆಂಡಿನ ಕಾಫಿ

ಬೆಂಗಳೂರಿನ ಕೆಫೆಯೊಂದರಲ್ಲಿ ಆ ಹುಡುಗಿಗೆ ಕೆಲಸದ ಮೊದಲ ದಿನ. ದಿನವೂ ಬರುವ ಹಿರಿಯರು ಗಂಟುಮುಖದಲ್ಲೇ, "ಎಸ್ಪ್ರೆಸೊ. ಸಕ್ಕರೆ ಬೇಡ" ಎಂದರು.

ನಡುಗುವ ಕೈಯಲ್ಲೇ 18 ಗ್ರಾಂ ಪುಡಿ ತೂಗಿ, ಸಮನಾಗಿ ಒತ್ತಿ, ಯಂತ್ರಕ್ಕೆ ಸಿಕ್ಕಿಸಿದಳು. ಅಲ್ಲಿಯ ಲೆಕ್ಕದಂತೆ 36 ಗ್ರಾಂ ಕಾಫಿ ಇಳಿಯಲು 25ರಿಂದ 30 ಸೆಕೆಂಡು ಬೇಕು. ಅಂದು 14 ಸೆಕೆಂಡಿಗೇ ಇಳಿದುಬಿಟ್ಟಿತು. ಧಾರೆ ಜೇನಿನಂತೆ ಎಳೆಯಾಗಿರದೆ ಪೇಲವವಾಗಿ ಸುರಿದಿತ್ತು. ಕೊಟ್ಟು ಕೈತೊಳೆದುಕೊಳ್ಳಬಹುದಿತ್ತು, ಅವಳು ಒಂದು ಚಮಚ ರುಚಿ ನೋಡಿದಳು. ನಾಲಿಗೆ ಚುರುಗುಡುವ ಹುಳಿ.

ಬೆಳಿಗ್ಗೆ ಹೊಸ ಬೀಜದ ಪ್ಯಾಕೆಟ್ ಒಡೆದಿದ್ದರು, ಗ್ರೈಂಡರ್ ಮಾತ್ರ ನಿನ್ನೆಯ ಅಳತೆಯಲ್ಲೇ ಇತ್ತು. ಪುಡಿ ತರಿಯಾದರೆ ನೀರು ತಡೆಯಿಲ್ಲದೆ ಓಡುತ್ತದೆ. ಬೇಗ ಕರಗುವ ಹುಳಿ ಕಪ್ಪಿಗೆ ಬರುತ್ತದೆ. ಅದನ್ನು ಸರಿದೂಗಿಸುವ ಸಿಹಿ, ಕಹಿ ಹಿಂದೆ ಉಳಿಯುತ್ತವೆ. ಗಟ್ಟಿಯಾಗಿ ಒತ್ತಿದರೆ ಇದು ಸರಿಹೋಗದು, ನುಣುಪಾಗಿಯೇ ಬೀಸಬೇಕು.

"ಸರ್, ಇದು ಸರಿ ಬಂದಿಲ್ಲ. ಎರಡು ನಿಮಿಷ, ಇನ್ನೊಂದು ಮಾಡ್ತೀನಿ."

ಅವರು ಮಾತಾಡಲಿಲ್ಲ. ಅವಳು ಗ್ರೈಂಡರನ್ನು ನುಣುಪಿನ ಕಡೆಗೆ ತಿರುಗಿಸಿ, ಒಳಗುಳಿದ ಹಳೆಯ ಪುಡಿಯನ್ನು ಬೀಸಿ ಚೆಲ್ಲಿ, ಮತ್ತೆ ತೂಗಿದಳು. 27 ಸೆಕೆಂಡು.

ಹಿರಿಯರು ನಿಂತಲ್ಲೇ ಕುಡಿದು ಕಪ್ಪು ಕೆಳಗಿಟ್ಟರು. "ನಾಳೆ ನೀನೇ ಇರ್ತೀಯೇನಮ್ಮಾ?"