‘ಒಂದೇ ಲೈನ್ ಚೇಂಜ್’ಗೆ ಹತ್ತೊಂಬತ್ತು ಗಂಟೆ

ಸ್ಪ್ರಿಂಟಿನ ಆರನೇ ದಿನ, ಬೆಳಗಿನ ಹದಿನೈದು ನಿಮಿಷದ ಮೀಟಿಂಗ್. “ಒಂದೇ ಲೈನ್ ಚೇಂಜ್ ಇದೆ” ಎನ್ನುತ್ತಾರೆ ಪ್ರಾಡಕ್ಟ್ ಓನರ್. “ಅರ್ಧ ದಿನ ಸಾಕು, ಮುಗಿಸಿಬಿಡ್ತೀನಿ” ಎನ್ನುತ್ತಾನೆ ಡೆವಲಪರ್. ಟೆಸ್ಟರ್‌ಗೆ ಎಷ್ಟು ಹೊತ್ತು ಬೇಕೆಂದು ಯಾರೂ ಕೇಳುವುದಿಲ್ಲ. ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ ದುಡಿದವರಿಗೆ ಈ ದೃಶ್ಯ ಹೊಸದೇನಲ್ಲ.

ಸ್ಪ್ರಿಂಟ್ ಎಂದರೆ ತಂಡವೊಂದು ತನಗೆ ತಾನೇ ಹಾಕಿಕೊಳ್ಳುವ ಗಡುವು. ಸಾಮಾನ್ಯವಾಗಿ ಎರಡು ವಾರ. ಆ ಅವಧಿಯಲ್ಲಿ ಮುಗಿಸಬೇಕಾದ ಒಂದೊಂದು ಬೇಡಿಕೆಯೂ ಒಂದೊಂದು ‘ಸ್ಟೋರಿ’. ಬಸ್ ಟಿಕೆಟ್ ಆ್ಯಪಿನ ಸ್ಟೋರಿಯೊಂದನ್ನು ಊಹಿಸಿಕೊಳ್ಳೋಣ: ಟಿಕೆಟ್ ರದ್ದು ಮಾಡಿದರೆ, ದುಡ್ಡು ಕಟ್ಟಿದ ಖಾತೆಗೇ ವಾಪಸ್ ಹೋಗಬೇಕು.

ಟೆಸ್ಟರ್ ಲೆಕ್ಕ ಹಾಕುವುದು ಹೀಗೆ. ದುಡ್ಡು ಕಟ್ಟುವ ದಾರಿ ಮೂರು: ಯುಪಿಐ, ಕಾರ್ಡ್, ನೆಟ್ ಬ್ಯಾಂಕಿಂಗ್. ರದ್ದು ಮಾಡಿದ ಹೊತ್ತಿಗೆ ತಕ್ಕಂತೆ ಕಡಿತವೂ ಮೂರು ಬಗೆ: ಬಸ್ ಹೊರಡಲು 24 ಗಂಟೆಗಿಂತ ಹೆಚ್ಚಿದ್ದರೆ ಒಂದು, 12ರಿಂದ 24ರೊಳಗಿದ್ದರೆ ಇನ್ನೊಂದು, ಅದಕ್ಕಿಂತ ಕಡಿಮೆಯಾದರೆ ಮತ್ತೊಂದು. ಮೂರು ಮೂರಲ ಒಂಬತ್ತು ಪರೀಕ್ಷೆ. ಒಂದಕ್ಕೆ 40 ನಿಮಿಷದಂತೆ 6 ಗಂಟೆ. ಪರೀಕ್ಷೆಗೆ ಬೇಕಾದ ನಕಲಿ ಟಿಕೆಟ್, ಖಾತೆಗಳನ್ನು ಸಿದ್ಧ ಮಾಡಲು 3 ಗಂಟೆ. ಸಿಕ್ಕ ಬಗ್‌ಗಳು ಸರಿಯಾದ ಮೇಲೆ ಮತ್ತೆ ನೋಡಲು 4. ಹೊಸದರಿಂದ ಹಳೆಯದು ಕೆಟ್ಟಿಲ್ಲವೆಂದು ಖಚಿತಪಡಿಸಿಕೊಳ್ಳುವ ‘ರಿಗ್ರೆಶನ್’ಗೆ 5. ಒಟ್ಟು 18.

ಆರನೇ ದಿನದ ಬೆಳಿಗ್ಗೆಗೆ ಮೊದಲ ಒಂಬತ್ತು ಗಂಟೆಯ ಕೆಲಸ ಮುಗಿದಿದೆ. ಉಳಿದದ್ದು ಒಂಬತ್ತು. ಆಗ ಬಂತು ಆ ‘ಒಂದೇ ಲೈನ್’: ದುಡ್ಡು ಖಾತೆಗೆ ಬೇಕೋ ಆ್ಯಪಿನ ವಾಲೆಟ್‌ಗೆ ಬೇಕೋ ಪ್ರಯಾಣಿಕರೇ ಆರಿಸಲಿ, ನಾಲ್ಕು ಸೀಟಿನ ಟಿಕೆಟಿನಲ್ಲಿ ಒಂದನ್ನಷ್ಟೇ ರದ್ದು ಮಾಡುವಂತಿರಲಿ.

ಡೆವಲಪರ್‌ಗೆ ಇದು ಎರಡು ಬಟನ್. ಟೆಸ್ಟರ್‌ಗೆ ಗುಣಾಕಾರ. ಒಂಬತ್ತನ್ನು ಎರಡರಿಂದ, ಮತ್ತೆ ಎರಡರಿಂದ ಗುಣಿಸಿದರೆ 36 ಪರೀಕ್ಷೆ, 24 ಗಂಟೆ. ಮುಗಿದಿದ್ದ ಒಂಬತ್ತೂ ಇದರಲ್ಲಿ ಸೇರಿವೆ. ಮರುಪಾವತಿಯ ಕೋಡಿಗೇ ಕೈ ಹಾಕಿರುವುದರಿಂದ ಅವನ್ನು ಮತ್ತೆ ಓಡಿಸಲೇಬೇಕು. ಅಂದಾಜು ತಪ್ಪುವುದು ಹೆಚ್ಚಾಗಿ ಇಲ್ಲೇ: ಸೇರಿದ್ದನ್ನು ಎಲ್ಲರೂ ಎಣಿಸುತ್ತಾರೆ, ಹಾಳಾದದ್ದನ್ನು ಎಣಿಸುವುದಿಲ್ಲ.

ಮೂವತ್ತಾರನ್ನೂ ಓಡಿಸುವ ಅಗತ್ಯವಿಲ್ಲ ಎನ್ನುವುದು ಸಮಾಧಾನ. ‘ಪೇರ್‌ವೈಸ್’ ಎಂಬ ವಿಧಾನದಲ್ಲಿ ಯಾವ ಎರಡು ಅಂಶಗಳ ಜೋಡಿಯನ್ನು ತೆಗೆದುಕೊಂಡರೂ ಅದು ಒಮ್ಮೆಯಾದರೂ ಪರೀಕ್ಷೆಗೆ ಒಳಪಡುವಂತೆ ಪಟ್ಟಿಯನ್ನು ಜೋಡಿಸುತ್ತಾರೆ. ಈ ಸ್ಟೋರಿಗೆ ಒಂಬತ್ತೇ ಸಾಕಾಗುತ್ತವೆ. ಆದರೆ ಮೂರು ಅಂಶ ಒಟ್ಟಿಗೆ ಸೇರಿದಾಗ ಮಾತ್ರ ಎದ್ದು ಕಾಣುವ ಬಗ್ ಈ ಬಲೆಯಿಂದ ನುಸುಳಬಹುದು. ದುಡ್ಡಿನ ವಿಷಯವಾದ್ದರಿಂದ ಜಾಣ ಟೆಸ್ಟರ್ ಒಂದು ಸೀಟಿನ ರದ್ದತಿಗೆ ಸಂಬಂಧಿಸಿದ ಮೂರು ಪರೀಕ್ಷೆಗಳನ್ನು ತಾನೇ ಆರಿಸಿ ಸೇರಿಸುತ್ತಾಳೆ. ಹನ್ನೆರಡು ಪರೀಕ್ಷೆಗೆ 8 ಗಂಟೆ, ಸಿದ್ಧತೆಗೆ 2, ಬಗ್‌ಗಳಿಗೆ 4, ರಿಗ್ರೆಶನ್‌ಗೆ 5. ಹತ್ತೊಂಬತ್ತು.

ಅಷ್ಟು ಹೊತ್ತು ಇದೆಯೇ? ಕೊನೆಯ ದಿನ ಪ್ರದರ್ಶನಕ್ಕೆ ಹೋಗುತ್ತದೆ. ಉಳಿದ ನಾಲ್ಕು ದಿನದಲ್ಲಿ ಇಬ್ಬರು ಟೆಸ್ಟರ್‌ಗಳು, ಮೀಟಿಂಗ್ ಕಳೆದು ದಿನಕ್ಕೆ ಆರು ಗಂಟೆಯಂತೆ, 48 ಗಂಟೆ. ಬೇರೆ ಸ್ಟೋರಿಗಳಿಗೆ 33 ಮೀಸಲು. ಕೈಯಲ್ಲಿರುವುದು 15.

ನಾಲ್ಕು ಗಂಟೆ ಸಾಲದು. ಇಷ್ಟು ಸ್ಪಷ್ಟವಾದ ಅಂಕಿ ಮೇಜಿನ ಮೇಲಿದ್ದರೆ ಮಾತಿನ ಧಾಟಿಯೇ ಬದಲಾಗುತ್ತದೆ. ‘ಕಷ್ಟ ಆಗುತ್ತೆ’ ಎಂಬ ಗೊಣಗಾಟದ ಬದಲು, ಒಂದು ಸೀಟಿನ ರದ್ದತಿಯನ್ನು ಮುಂದಿನ ಸ್ಪ್ರಿಂಟಿಗೆ ಬಿಡೋಣವೇ ಎಂಬ ಪ್ರಶ್ನೆ ಏಳುತ್ತದೆ. ಬಿಟ್ಟರೆ ಆ ಮೂರು ಪರೀಕ್ಷೆಗಳ 2 ಗಂಟೆ, ಸಿದ್ಧತೆಯಲ್ಲಿ 1, ಬಗ್‌ಗಳಲ್ಲಿ 1 ಉಳಿದು, ಲೆಕ್ಕ ಸರಿಯಾಗಿ ಹದಿನೈದಕ್ಕೆ ಬಂದು ನಿಲ್ಲುತ್ತದೆ. ಉಸಿರಾಡಲು ಜಾಗವಿಲ್ಲ, ಆದರೆ ಸುಳ್ಳೂ ಇಲ್ಲ.

ಇಂಥ ಬದಲಾವಣೆ ಪ್ರತಿ ಸಲವೂ ಬರುವುದಾದರೆ ಮೊದಲೇ ಜಾಗ ಬಿಡಬೇಕು. ಎಷ್ಟು? ಅದನ್ನು ಹೇಳಬೇಕಾದ್ದು ತಂಡದ ಹಳೆಯ ದಾಖಲೆ. ಕಳೆದ ಐದು ಸ್ಪ್ರಿಂಟಿನಲ್ಲಿ ನಡುವೆ ಸೇರಿದ ಟೆಸ್ಟಿಂಗ್ 9, 14, 18, 22, 31 ಗಂಟೆ ಎಂದಿಟ್ಟುಕೊಳ್ಳಿ. ನಡುವಿನದು 18. ಇಡೀ ಸ್ಪ್ರಿಂಟಿಗೆ 96 ಗಂಟೆ ಇದ್ದರೆ, 78ಕ್ಕಷ್ಟೇ ಕೆಲಸ ಒಪ್ಪಿಕೊಳ್ಳಬೇಕು. 31ರಂಥ ಸ್ಪ್ರಿಂಟನ್ನು ಇದು ತಡೆಯಲಾರದು. ಅಂದು ಒಂದು ಸ್ಟೋರಿ ಹೊರಹೋಗಲೇಬೇಕು. ಒಂಬತ್ತನೇ ದಿನ ಸಂಜೆ ಕೋಡ್ ಕೈಸೇರಿದರೂ ಅಷ್ಟೇ, ಎಷ್ಟು ಗಂಟೆ ಮೀಸಲಿಟ್ಟಿದ್ದರೂ ಅದು ಉಪಯೋಗಕ್ಕೆ ಬಾರದು.

ಬದಲಾವಣೆ ಬೇಡವೆಂದು ಸ್ಕ್ರಮ್ ಗೈಡ್ ಎಲ್ಲೂ ಹೇಳುವುದಿಲ್ಲ. ಸ್ಪ್ರಿಂಟಿನ ಗುರಿಗೆ ಧಕ್ಕೆ ತರುವಂಥದ್ದು ಕೂಡದು, ಉಳಿದದ್ದನ್ನು ಪ್ರಾಡಕ್ಟ್ ಓನರ್ ಜೊತೆ ಮಾತಾಡಿಕೊಳ್ಳಿ ಎನ್ನುತ್ತದೆ. ಕೆಲಸದ ಗಾತ್ರ ಹೇಳುವ ಹೊಣೆ ಆ ಕೆಲಸ ಮಾಡುವವರದೇ ಎಂದೂ 2020ರ ಆವೃತ್ತಿಯಲ್ಲಿದೆ. ಅದರಲ್ಲಿ ಟೆಸ್ಟರ್ ಎಂಬ ಪ್ರತ್ಯೇಕ ಹುದ್ದೆಯೇ ಇಲ್ಲ. ಅವರೂ ‘ಡೆವಲಪರ್ಸ್’ ಸಾಲಿಗೇ ಸೇರಿದವರು.